ಸಣ್ಣ ಶ್ವಾಸನಳಿಕೆಗಳಲ್ಲಿ ಸದ್ದು ಯಾಕಿಲ್ಲ?

ಸೌಮ್ಯ: ಪೈಪಿನ ಬಾಯಿ ಒತ್ತಿ ಹಿಡಿದರೆ ನೀರು ರಭಸವಾಗಿ ಸುಯ್ಯೆನ್ನುತ್ತದೆ. ಹಾಗಿದ್ದರೆ ಶ್ವಾಸಕೋಶದ ಸಣ್ಣ ನಳಿಕೆಗಳಲ್ಲೇ ಸದ್ದು ಜಾಸ್ತಿ ಇರಬೇಕಲ್ವಾ? ಸ್ಟೆತೊಸ್ಕೋಪ್ ಇಟ್ಟರೆ ಕತ್ತಿನ ಹತ್ತಿರ ಜೋರು, ಬೆನ್ನಿನ ಕೆಳಗೆ ಮೆಲ್ಲಗೆ. ಯಾಕೆ?

ರಘು: ಸದ್ದು ಎರಡೂ ಕಡೆ ಇದೆ. ಕತ್ತಿನಲ್ಲಿ ನಳಿಕೆ ಚರ್ಮದ ಹತ್ತಿರವೇ ಇರುತ್ತದೆ. ಬೆನ್ನಿನಲ್ಲಿ ಗಾಳಿ ತುಂಬಿದ ಶ್ವಾಸಕೋಶವೇ ಸದ್ದನ್ನು ನುಂಗುತ್ತದೆ. ಅಷ್ಟೇ.

ವಿನಯ್: ನುಂಗುವುದು ನಿಜ, ಅದರಲ್ಲೂ ಕೀರಲು ಸದ್ದನ್ನು. ಆದರೆ ಕೊನೆಯ ನಳಿಕೆಗಳಲ್ಲಿ ನುಂಗಲು ಸದ್ದೇ ಹುಟ್ಟುವುದಿಲ್ಲ. ಪೈಪಿಗೆ ಒಂದೇ ಬಾಯಿ, ನೀರೆಲ್ಲ ಅಲ್ಲೇ ನುಗ್ಗಬೇಕು. ಶ್ವಾಸನಾಳ ಹಾಗಲ್ಲ, ಕವಲೊಡೆಯುತ್ತಾ ಹೋಗುತ್ತದೆ. 16ನೇ ಕವಲಿಗೆ ಸುಮಾರು 65,000 ನಳಿಕೆಗಳು. ಒಂದೊಂದೂ ಮಿಲಿಮೀಟರಿಗಿಂತ ಕಿರಿದು. ಎಲ್ಲದರ ಬಾಯಿಯ ವಿಸ್ತೀರ್ಣ ಸೇರಿದರೆ ಸುಮಾರು 180 ಚದರ ಸೆಂಟಿಮೀಟರ್. ಮೇಲಿನ ಶ್ವಾಸನಾಳದ್ದು ಬರೀ ಎರಡೂವರೆ.

ಸೆಕೆಂಡಿಗೆ ಅರ್ಧ ಲೀಟರ್ ಗಾಳಿ ಎಳೆದರೆ ಮೇಲೆ ವೇಗ ಸುಮಾರು 2 ಮೀಟರ್, ಕೆಳಗೆ 3 ಸೆಂಟಿಮೀಟರೂ ಇಲ್ಲ. ವೇಗವೂ ಕಡಿಮೆ, ನಳಿಕೆಯೂ ಕಿರಿದು. ಎರಡನ್ನೂ ಗುಣಿಸಿ ಗಾಳಿಯ ಅಂಟುತನಕ್ಕೆ ಹೋಲಿಸಿದರೆ ಬರುವುದೇ ರೆನಾಲ್ಡ್ಸ್ ಸಂಖ್ಯೆ. ಮೇಲೆ ಅದು 2000ದ ಆಚೀಚೆ, ಕೆಳಗೆ ಸುಮಾರು 1. ಅಲ್ಲಿ ಸುಳಿ ಏಳುವ ಮೊದಲೇ ಅಂಟುತನ ಅದನ್ನು ಅಡಗಿಸುತ್ತದೆ. ಗಾಳಿ ಪದರ ಪದರವಾಗಿ ಜಾರುತ್ತದೆ. ಸುಳಿಯಿಲ್ಲದಿದ್ದರೆ ಸದ್ದೂ ಇಲ್ಲ.

ರಘು: 2000 ಅಂದರೆ ಇನ್ನೂ ಸುಳಿ ಏಳುವ ಗಡಿಯಲ್ಲೇ ಇದೆ. 1883ರಲ್ಲಿ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣ ಬಿಟ್ಟು ನೋಡಿದಾಗಲೂ ಅಷ್ಟಕ್ಕೆ ಬಣ್ಣದ ಗೆರೆ ನೇರವಾಗಿ ಉಳಿಯುತ್ತಿತ್ತು. ಸುಮ್ಮನೆ ಕೂತವನ ಕತ್ತಿನಲ್ಲಿ ಸದ್ದು ಎಲ್ಲಿಂದ?

ವಿನಯ್: ಅದು ನೇರ, ನುಣುಪು ಕೊಳವೆ. ನಮ್ಮ ಗಾಳಿ ಧ್ವನಿಪೆಟ್ಟಿಗೆಯ ಸಂದಿಯಿಂದ ಚಿಮ್ಮಿ ಬರುತ್ತದೆ, ಆಮೇಲೆ ಕವಲಿಗೆ ಬಡಿಯುತ್ತದೆ. ಹಾಗಾಗಿ ಗಡಿಗಿಂತ ಮೊದಲೇ ಕದಡುತ್ತದೆ. ಓಡುವಾಗ ಸಂಖ್ಯೆ 8000 ದಾಟುವುದು ಕಷ್ಟವೇನಲ್ಲ.

ಲತಾ: ನನ್ನ ಮಗನಿಗೆ ಅಸ್ತಮಾ ಇದೆ. ಉಬ್ಬಸ ಬಂದಾಗ ಸಿಳ್ಳೆ ಕೇಳಿಸುತ್ತದೆ. ಸಣ್ಣ ನಳಿಕೆ ಮೌನ ಅಂದರೆ ಅದು ಎಲ್ಲಿಯದು? ಸಿಳ್ಳೆ ನಿಂತರೆ ವಾಸಿಯಾಯ್ತು ಅಂತ ತಾನೇ?

ವಿನಯ್: ಅಲ್ಲ, ಇದನ್ನು ಸರಿಯಾಗಿ ನೋಡಿ. ಸಿಳ್ಳೆ ಸುಳಿಯ ಸದ್ದಲ್ಲ. ಸ್ವಲ್ಪ ದೊಡ್ಡ ನಳಿಕೆ ಮುಚ್ಚಿಕೊಳ್ಳುವಷ್ಟು ಕಿರಿದಾದಾಗ ಅದರ ಗೋಡೆಯೇ ಅದುರುತ್ತದೆ. ಅದುರಲು ಗಾಳಿ ಸಾಕಷ್ಟು ರಭಸದಿಂದ ಹೋಗಬೇಕು. ಮಗು ಇನ್ನೂ ಏದುಸಿರು ಬಿಡುತ್ತಿದೆ, ಪಕ್ಕೆ ಒಳಗೆ ಎಳೆಯುತ್ತಿದೆ, ಆದರೆ ಸಿಳ್ಳೆ ನಿಂತಿದೆ ಅಂದರೆ ಗಾಳಿಯೇ ಹೋಗುತ್ತಿಲ್ಲ ಎಂದರ್ಥ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರಾಟ ನಿರಾಳವಾಗಿ, ಮಾತು ಸರಾಗವಾಗಿ ಬರುತ್ತಿದ್ದರೆ ಮಾತ್ರ ಅದು ವಾಸಿಯ ಲಕ್ಷಣ.

ರಘು: ಎಷ್ಟು ಸಣ್ಣ ನಳಿಕೆಯವರೆಗೆ ಗೋಡೆ ಅದುರಬಹುದು? ಎರಡು ಮಿಲಿಮೀಟರಿನ ಕೆಳಗೂ ಆಗುತ್ತದೆ ಅಂತ ನನ್ನ ವಾದ.

ವಿನಯ್: ಅಲ್ಲಿ ಅದುರಿಸುವಷ್ಟು ರಭಸ ಎಲ್ಲಿಂದ ಬರುತ್ತದೆ? ಅದನ್ನು ಹೇಳಿ, ಮುಂದುವರಿಸೋಣ.