ಸೂಪರ್‌ಪೊಸಿಷನ್‌ನಲ್ಲಿ ಡಿಪೆಂಡೆಂಟ್ ಸೋರ್ಸನ್ನು ಯಾಕೆ ಆಫ್ ಮಾಡಬಾರದು?

ಪ್ರಶ್ನೆ, ಡಿಪ್ಲೊಮಾ ವಿದ್ಯಾರ್ಥಿನಿ: ಸರ್, 12 ವೋಲ್ಟ್ ಸೋರ್ಸಿನಿಂದ 4 ಓಮ್ ಮೂಲಕ A ನೋಡ್‌ಗೆ i ಕರೆಂಟ್ ಬರುತ್ತದೆ. 2 ಆಂಪ್ ಕರೆಂಟ್ ಸೋರ್ಸೂ A ಗೆ ಬಂದು ಸೇರುತ್ತದೆ. A ಯಿಂದ ಗ್ರೌಂಡಿಗೆ 2 ಓಮ್, ಅದರ ಕೆಳಗೆ 2i ವೋಲ್ಟಿನ ಡಿಪೆಂಡೆಂಟ್ ಸೋರ್ಸ್, ಪ್ಲಸ್ ಮೇಲೆ. ಒಂದು ಸೋರ್ಸ್ ಇಟ್ಟು ಉಳಿದದ್ದೆಲ್ಲ ಆಫ್ ಮಾಡುತ್ತಾ ಹೋದೆ. i 1.33 ಬಂತು, ಉತ್ತರ 1 ಆಂಪ್ ಅಂತಿದೆ. ಎಲ್ಲಿ ತಪ್ಪಿದೆ?

ನಿವೃತ್ತ ಲೆಕ್ಚರರ್: ನಿಮ್ಮ 1.33 ಅನ್ನು ಸರ್ಕ್ಯೂಟಿಗೆ ವಾಪಸ್ ಹಾಕಿ ನೋಡಿ. 4 ಓಮಿನಲ್ಲಿ 5.33 ವೋಲ್ಟ್. 2 ಓಮಿನಲ್ಲಿ 3.33 ಆಂಪ್, ಅಂದ್ರೆ 6.67 ವೋಲ್ಟ್. ಅಲ್ಲಿಗೇ 12 ಮುಗಿಯಿತು. ಡಿಪೆಂಡೆಂಟ್ ಸೋರ್ಸಿನ 2.67 ವೋಲ್ಟಿಗೆ ಜಾಗವೇ ಇಲ್ಲ, ಅಲ್ವಾ?

ಆ ಸೋರ್ಸ್ ಹೊರಗಿನಿಂದ ಬಂದ ಇನ್‌ಪುಟ್ ಅಲ್ಲ. i ಎಷ್ಟಿದ್ದರೆ ತನ್ನ ವೋಲ್ಟೇಜ್ ಎಷ್ಟು ಅಂತ ಹೇಳುವ ನಿಯಮ ಅದು. 12 ವೋಲ್ಟ್ ಒಂದೇ ಇದ್ದಾಗ ಅದರೊಳಗೆ ಹರಿಯುವುದೂ i, ಅದರ ಮೇಲಿನ ವೋಲ್ಟೇಜ್ 2i. ಥೇಟ್ 2 ಓಮ್ ರೆಸಿಸ್ಟರ್! ರೆಸಿಸ್ಟರನ್ನು ಯಾರಾದರೂ ಸುಮ್ನೆ ಶಾರ್ಟ್ ಮಾಡುತ್ತಾರಾ?

ಈಗ ಅದನ್ನು ಹಾಗೇ ಬಿಟ್ಟು ಮಾಡಿ. 12 ವೋಲ್ಟ್ ಮಾತ್ರ:

```
12 = 4i + 2i + 2i,  i = 1.5
```

2 ಆಂಪ್ ಮಾತ್ರ, 12 ವೋಲ್ಟ್ ಜಾಗದಲ್ಲಿ ಶಾರ್ಟ್:

```
0 = 4i + 2(i + 2) + 2i,  i = -0.5
```

ಕೂಡಿದರೆ 1. ಎರಡನೇ ಸಲ ಡಿಪೆಂಡೆಂಟ್ ಸೋರ್ಸ್ -1 ವೋಲ್ಟ್ ಆಗಿದೆ ನೋಡಿ, ಅದರ ದಿಕ್ಕೇ ತಿರುಗಿದೆ. ಈ ಮೈನಸ್ಸನ್ನು ಬಿಟ್ಟುಬಿಡುವವರೇ ಜಾಸ್ತಿ.

ಎಂಜಿನಿಯರಿಂಗ್ ಮೂರನೇ ವರ್ಷ: ಅದನ್ನು ಯಾವತ್ತೂ ಆಫ್ ಮಾಡಲೇಬಾರದು ಅನ್ನುವುದು ಸರಿಯಲ್ಲ ಸರ್. ನಾನು ಅದನ್ನೂ ಮೂರನೇ ಸೋರ್ಸ್ ಅಂತಲೇ ತಗೊಳ್ಳುತ್ತೇನೆ. ಉತ್ತರ ಬರುತ್ತದೆ.

ನಿವೃತ್ತ ಲೆಕ್ಚರರ್: ಬರುತ್ತದೆ, ಒಂದು ಷರತ್ತಿನ ಮೇಲೆ. ಅದರ ಬೆಲೆಯಲ್ಲಿರುವ i ಪೂರ್ತಿ ಸರ್ಕ್ಯೂಟಿನ i ಆಗಿಯೇ ಕೊನೆಯವರೆಗೂ ಉಳಿಯಬೇಕು:

```
i = 12/6 - 4/6 - 2i/6
```

ಇಲ್ಲಿಂದಲೂ i = 1. ನಮ್ಮ ಹುಡುಗಿ ಕೊನೆಯ ಆ ತುಂಡನ್ನು ಸೊನ್ನೆ ಮಾಡಿದ್ದಕ್ಕೇ 1.33 ಬಂದದ್ದು. ಉಳಿದೆರಡು ಸೋರ್ಸ್ ಆಫ್ ಆದರೆ ಅದು ತಾನೂ ಸೊನ್ನೆ ಅಂತ ಅವಳು ಬರೆದಿರಬೇಕು.

ಆಡಿಯೋ ರಿಪೇರಿ ಮಾಡುವವರು: ನನ್ನದೂ ಇದೇ ಕತೆ. ಆಪ್ ಆಂಪ್ ಸಮ್ಮರ್‌ನಲ್ಲಿ ಒಂದೊಂದೇ ಇನ್‌ಪುಟ್ ನೋಡೋಣ ಅಂತ ಉಳಿದದ್ದರ ಜೊತೆ ±12 ಸಪ್ಲೈಯನ್ನೂ ತೆಗೆದೆ. ಔಟ್‌ಪುಟ್ ಬರಲೇ ಇಲ್ಲ. ಐಸಿ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ.

ನಿವೃತ್ತ ಲೆಕ್ಚರರ್: ಐಸಿ ಚೆನ್ನಾಗಿಯೇ ಇತ್ತು! ಸಪ್ಲೈ ತೆಗೆದರೆ ಒಳಗಿನ ಡಿಪೆಂಡೆಂಟ್ ಸೋರ್ಸೇ ಸಾಯುತ್ತದೆ. ಸಪ್ಲೈ ಇರಲಿ, ಬೇಡದ ಇನ್‌ಪುಟ್ ಮಾತ್ರ ಗ್ರೌಂಡ್ ಮಾಡಿ. ಎರಡೂ ಇನ್‌ಪುಟ್ ಸೇರಿ ಔಟ್‌ಪುಟ್ ಸಪ್ಲೈ ಹತ್ತಿರ ಹೋಗಿ ನಿಂತುಬಿಟ್ಟರೆ ಮಾತ್ರ ಬಿಡಿ ಉತ್ತರಗಳನ್ನು ಕೂಡಿಸಬೇಡಿ, ಲೆಕ್ಕ ತಾಳೆಯಾಗುವುದಿಲ್ಲ.

ಡಿಪ್ಲೊಮಾ ವಿದ್ಯಾರ್ಥಿನಿ: ಹೌದು ಸರ್, ಸೊನ್ನೆ ಅಂತಲೇ ಬರೆದಿದ್ದೆ. ಆ ಮೂರನೇ ಸೋರ್ಸಿನ ದಾರಿಗೆ ಪರೀಕ್ಷೆಯಲ್ಲಿ ಮಾರ್ಕ್ಸ್ ಕೊಡುತ್ತಾರಾ?

ಎಂಜಿನಿಯರಿಂಗ್ ಮೂರನೇ ವರ್ಷ: ನನಗೆ ಒಂದು ಸಲ ಕೊಟ್ಟರು, ಒಂದು ಸಲ ಕಟ್ ಮಾಡಿದರು.