ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಮುಗಿಸಿ ಅಮೆರಿಕಕ್ಕೆ: ಯಾವ ಕೋರ್ಸ್ ತೆಗೆದುಕೊಂಡರೆ ಮೂರು ವರ್ಷ ಕೆಲಸ ಮಾಡಬಹುದು?

ಕೇಳಿದವರು, ಗೋಣಿಕೊಪ್ಪದಿಂದ:
ಮಗಳು ಪೊನ್ನಂಪೇಟೆ ಕಾಲೇಜಿನಲ್ಲಿ ಬಿ.ಎಸ್ಸಿ. ಫಾರೆಸ್ಟ್ರಿ ಮುಗಿಸಿದ್ದಾಳೆ. ಅಮೆರಿಕದ ಎರಡು ಕಡೆ ಎಂ.ಎಸ್.ಗೆ ಸೀಟು ಸಿಕ್ಕಿದೆ. ಒಂದು ಫಾರೆಸ್ಟ್ ಸೈನ್ಸಸ್, ಇನ್ನೊಂದು ಅಗ್ರಿಬಿಸಿನೆಸ್. ನಮ್ಮದು ಕಾಫಿ ತೋಟ, ಹಾಗಾಗಿ ಎರಡನೆಯದೇ ಒಳ್ಳೆಯದು ಅಂತ ಮನೆಯವರ ಅಭಿಪ್ರಾಯ. ಎರಡೂ ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಗೆ ಸೇರಿದ ಕೋರ್ಸ್, ಹಾಗಾಗಿ ಓದು ಮುಗಿದ ಮೇಲೆ ಅಲ್ಲೇ ಮೂರು ವರ್ಷ ಕೆಲಸ ಮಾಡಬಹುದು ಅಂತಾರೆ ಏಜೆಂಟ್. ಜಾಗ ಜಮ್ಮಾ, ಪಟ್ಟೇದಾರರ ಹೆಸರಲ್ಲಿದೆ, ಅದರ ಮೇಲೆ ಬ್ಯಾಂಕ್ ಸಾಲ ಆಗಲಿಲ್ಲ. ಸಾಲವೆಲ್ಲ ನಮ್ಮ ಸಂಬಳದ ಮೇಲೇ. ಹೋಗಿ ಬಂದವರು ಹೇಳಿ, ಏಜೆಂಟ್ ಮಾತು ನಂಬಬಹುದಾ?

ಸೋಮವಾರಪೇಟೆಯಿಂದ:
ಚಿಂತೆ ಮಾಡಬೇಡಿ ಅಕ್ಕ. ಮಗಳ ಬಿ.ಎಸ್ಸಿ.ಯೇ ಫಾರೆಸ್ಟ್ರಿ ಅಲ್ವಾ? ಅದು ಸ್ಟೆಮ್ ವಿಷಯ. ಮೊದಲಿನ ಡಿಗ್ರಿ ಸ್ಟೆಮ್ ಆಗಿದ್ದರೆ ಎಲ್ಲರಿಗೂ ಸಿಗುವ ಒಂದು ವರ್ಷದ ಜೊತೆಗೆ ಅದರ ಮೇಲೂ ಎರಡು ವರ್ಷ ಹೆಚ್ಚುವರಿ ಸಿಗುತ್ತೆ. ನಮ್ಮ ಪರಿಚಯದ ಒಬ್ಬ ಹುಡುಗ ಎಂಬಿಎ ಮಾಡಿ ಹಾಗೇ ಪಡೆದ.

ವಿರಾಜಪೇಟೆಯಿಂದ (ಈಗ ಅಮೆರಿಕದಲ್ಲಿ ಕೆಲಸ):
ಸೋಮವಾರಪೇಟೆಯ ಅಣ್ಣ ಹೇಳಿದ್ದು ಅರ್ಧ ಸರಿ. ಹಿಂದಿನ ಡಿಗ್ರಿಯ ಮೇಲೆ ಕೇಳುವ ದಾರಿ ಇದೆ. ಆದರೆ ಆ ಡಿಗ್ರಿ ಅಮೆರಿಕದ್ದೇ ಮಾನ್ಯತೆ ಪಡೆದ ಕಾಲೇಜಿನದಾಗಿರಬೇಕು, ಹತ್ತು ವರ್ಷದೊಳಗೆ ಪಡೆದದ್ದಾಗಿರಬೇಕು. ಪೊನ್ನಂಪೇಟೆಯ ಡಿಗ್ರಿ ಅದಕ್ಕೆ ಬರುವುದಿಲ್ಲ. ಆ ಹುಡುಗ ಅಮೆರಿಕದಲ್ಲೇ ಮೊದಲು ಇನ್ನೊಂದು ಡಿಗ್ರಿ ಮಾಡಿರಬೇಕು.

ನಾನೂ ಪೊನ್ನಂಪೇಟೆ ಕಾಲೇಜಿನವನೇ, ಆಮೇಲೆ ಇಲ್ಲಿ ಎಂ.ಎಸ್. ಮಾಡಿದೆ. ಅಕ್ಕ, ಕೋರ್ಸಿನ ಹೆಸರು ನೋಡಬೇಡಿ, ನಂಬರ್ ನೋಡಿ. ವೀಸಾಕ್ಕೆ ಕಾಲೇಜು ಐ-20 ಅಂತ ಕಾಗದ ಕೊಡುತ್ತೆ. ಅದರ ಮೊದಲ ಪುಟದಲ್ಲಿ ಮೇಜರ್ 1 ಅನ್ನುವ ಕಡೆ ಕೋರ್ಸಿನ ಹೆಸರು, ಪಕ್ಕದಲ್ಲೇ ಆರು ಅಂಕಿಯ ಸಿಐಪಿ ಕೋಡ್ ಇರುತ್ತೆ. ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿ ಇರುವುದು ಆ ಕೋಡ್. ಪಾಠದಲ್ಲಿ ಎಷ್ಟು ಗಣಿತ ಇದೆ, ಎಷ್ಟು ವಿಜ್ಞಾನ ಇದೆ ಅಂತ ಯಾರೂ ಕೇಳುವುದಿಲ್ಲ.

ಫಾರೆಸ್ಟ್ ಸೈನ್ಸಸ್ ಅಂಡ್ ಬಯಾಲಜಿಯ ಕೋಡ್ 03.0502, ಅದು ಪಟ್ಟಿಯಲ್ಲಿದೆ. ಅಗ್ರಿಬಿಸಿನೆಸ್ ಸಾಮಾನ್ಯವಾಗಿ 01.0102, ಅದು ಪಟ್ಟಿಯಲ್ಲಿಲ್ಲ. ಇನ್ನೊಂದು ವಿಚಿತ್ರ ನೋಡಿ. ಫಾರೆಸ್ಟ್ರಿ ಜನರಲ್, ಅಂದರೆ 03.0501, ಪಟ್ಟಿಗೆ ಸೇರಿದ್ದು 2022ರ ಜನವರಿಯಲ್ಲಿ. ಅದಕ್ಕೂ ಮೊದಲು ಒಂದೇ ಕಟ್ಟಡದಲ್ಲಿ ಓದಿದವರಲ್ಲಿ ಒಬ್ಬರಿಗೆ ಮೂರು ವರ್ಷ, ಇನ್ನೊಬ್ಬರಿಗೆ ಒಂದೇ ವರ್ಷ ಆಗಬಹುದಿತ್ತು. ಕೃಷಿ ಅರ್ಥಶಾಸ್ತ್ರದಲ್ಲೂ ಇದೇ ಕಥೆ. 01.0103 ಅಂತ ಇದ್ದರೆ ಸ್ಟೆಮ್ ಅಲ್ಲ. ಅದೇ ವಿಭಾಗ ಎಕನೊಮೆಟ್ರಿಕ್ಸ್ ಕಡೆಯ 45.0603 ಕೊಟ್ಟರೆ ಸ್ಟೆಮ್.

ಐ-20 ಕೈಗೆ ಬರುವವರೆಗೆ ಕಾಯಬೇಡಿ. ಈಗಲೇ ಎರಡೂ ಕಡೆಯ ಇಂಟರ್‌ನ್ಯಾಷನಲ್ ಆಫೀಸಿಗೆ ಮಗಳಿಂದ ಇಮೇಲ್ ಮಾಡಿಸಿ. "ಈ ಪ್ರೋಗ್ರಾಮಿನ ಸಿಐಪಿ ಕೋಡ್ ಯಾವುದು?" ಅಂತ ಕೇಳಿದರೆ ಸಾಕು. ಸ್ಟೆಮ್ ಹೌದೋ ಅಲ್ವೋ ಅಂತ ಕೇಳಿದರೆ ಸುತ್ತಿ ಬಳಸಿ ಉತ್ತರ ಬರುತ್ತೆ, ನಂಬರ್ ಕೇಳಿದರೆ ನಂಬರ್ ಬರುತ್ತೆ.

ಮಡಿಕೇರಿಯಿಂದ:
ನಮ್ಮ ಅಕ್ಕನ ಮಗ ಕೆನಡಾದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಅಲ್ಲಿ 2024ರ ನವೆಂಬರ್ 1ರಿಂದ ನಿಯಮ ಬದಲಾಯಿತು. ಕಾಲೇಜ್ ಡಿಪ್ಲೊಮಾದವರು ಜನರ ಕೊರತೆ ಇರುವ ವಿಷಯಗಳ ಪಟ್ಟಿಯಲ್ಲೇ ಓದಿರಬೇಕು, ಇಲ್ಲದಿದ್ದರೆ ಓದು ಮುಗಿದ ಮೇಲೆ ಕೆಲಸದ ಪರ್ಮಿಟ್ ಇಲ್ಲ. ಅವನು ಹೋಟೆಲ್ ಮ್ಯಾನೇಜ್‌ಮೆಂಟ್ ಬಿಟ್ಟು ಕೃಷಿ ಕಡೆಯ ಕೋರ್ಸ್ ಹಿಡಿದದ್ದು ಅದಕ್ಕೇ. ನಿಮ್ಮ ಮಗಳೂ ಅಲ್ಲಿಗೇ ಹೋಗಬಹುದಲ್ಲ?

ವಿರಾಜಪೇಟೆಯಿಂದ:
ಮಡಿಕೇರಿಯವರೇ, ಆ ಪಟ್ಟಿ ಡಿಪ್ಲೊಮಾದವರಿಗೆ. ಮಾಸ್ಟರ್ಸ್ ಓದುವವರಿಗೆ ಅದು ಅಡ್ಡ ಬರುವುದಿಲ್ಲ. ಅಕ್ಕನ ಮಗಳ ಸೀಟು ಅಮೆರಿಕದ್ದು, ಹಾಗಾಗಿ ಅದನ್ನೇ ಮುಂದುವರಿಸುತ್ತೇನೆ.

ಮೂರು ವರ್ಷ ಅಂದರೆ ಏನು ಅಂತ ತಾರೀಕು ಹಾಕಿ ನೋಡೋಣ. 2026ರ ಆಗಸ್ಟ್‌ನಲ್ಲಿ ಸೇರಿದರೆ 2028ರ ಮೇ ತಿಂಗಳಲ್ಲಿ ಮುಗಿಯುತ್ತೆ. ಓದಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, 2028ರ ಜುಲೈ 1ಕ್ಕೆ ಶುರುವಾಯಿತು ಅಂದುಕೊಳ್ಳಿ. ಎಲ್ಲರಿಗೂ ಸಿಗುವುದು 12 ತಿಂಗಳು, 2029ರ ಜೂನ್ 30ಕ್ಕೆ ಮುಗಿಯಿತು. ಸ್ಟೆಮ್ ಕೋಡ್ ಇದ್ದರೆ ಮತ್ತೆ 24 ತಿಂಗಳು, 2031ರ ಜೂನ್ 30ರವರೆಗೆ. ಅಲ್ಲಿಂದ ಮುಂದೆಯೂ ಇಲ್ಲೇ ಕೆಲಸ ಮಾಡಲು ಸಾಮಾನ್ಯವಾಗಿ ಎಚ್-1ಬಿ ವೀಸಾ ಬೇಕು, ಅದಕ್ಕೆ ಲಾಟರಿ ಇದೆ. ಅದರ ಹೆಸರು ನೋಂದಣಿ ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ. ಅಗ್ರಿಬಿಸಿನೆಸ್‌ಗೆ ಒಂದೇ ಮಾರ್ಚ್, ಫಾರೆಸ್ಟ್ ಸೈನ್ಸಸ್‌ಗೆ ಮೂರು ಮಾರ್ಚ್. ಸಾಲ ತೀರಿಸುವ ಲೆಕ್ಕಕ್ಕೂ ಅಷ್ಟೇ ವ್ಯತ್ಯಾಸ.

ಈಗ ನನಗೆ ಆದದ್ದು ಹೇಳುತ್ತೇನೆ. ಆ 24 ತಿಂಗಳು ತಾನಾಗಿ ಬರುವುದಿಲ್ಲ. ಕೆಲಸ ಕೊಟ್ಟ ಕಂಪನಿ ಇ-ವೆರಿಫೈ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ನನಗೆ ಸಿಕ್ಕಿದ್ದು ಐದು ಜನರ ಒಂದು ಸಣ್ಣ ಕಚೇರಿ. ಕಾಡು ಸುತ್ತಿ ಮರದ ಸುತ್ತಳತೆ ಅಳೆದು, ಮರದ ಲೆಕ್ಕ ಬರೆಯುವ ಕೆಲಸ. ಯಜಮಾನರು ಒಳ್ಳೆಯವರು. ಒಂಬತ್ತನೇ ತಿಂಗಳಲ್ಲಿ ಆ 24 ತಿಂಗಳಿಗೆ ಬೇಕಾದ ಐ-983 ತರಬೇತಿ ಯೋಜನೆಗೆ ಸಹಿ ಕೇಳಲು ಹೋದಾಗ "ಇ-ವೆರಿಫೈ ಅಂದರೇನು?" ಅಂತ ಕೇಳಿದರು. ನನ್ನ ಕೈಕಾಲು ತಣ್ಣಗಾಯಿತು. ನೋಂದಾಯಿಸಲು ಅವರಿಗೆ ಮನಸ್ಸಿರಲಿಲ್ಲ. ಉಳಿದ ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕಿದೆ. ಒಪಿಟಿ ಮುಗಿಯಲು ಹನ್ನೊಂದು ದಿನ ಇರುವಾಗ ನನ್ನ ಅರ್ಜಿ ತಲುಪಿತು. 90 ದಿನ ಮೊದಲೇ ಹಾಕಬಹುದಿತ್ತು. ಆದ್ದರಿಂದ ಇಂಟರ್‌ವ್ಯೂನಲ್ಲೇ ಇದನ್ನು ಕೇಳಬೇಕು, ಸಂಕೋಚ ಬೇಡ.

ಫಾರೆಸ್ಟ್ರಿಯಲ್ಲಿ ಇದು ಜಾಸ್ತಿ ಕಾಡುತ್ತೆ. ಇಲ್ಲಿ ಅರಣ್ಯದ ಕೆಲಸಗಳಲ್ಲಿ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು, ಅದಕ್ಕೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಉಳಿದದ್ದರಲ್ಲಿ ಇಂಥ ಸಣ್ಣ ಕಚೇರಿಗಳೇ ತುಂಬಾ. ಹಾಗಾಗಿ ಕೋಡ್ ಸಿಕ್ಕಿತು ಅಂತ ಸುಮ್ನೆ ಕೂರಬೇಡಿ. ಮಗಳು ಒಳಗಿನ ವಿಷಯ ಆರಿಸುವಾಗ ಉಪಗ್ರಹ ಚಿತ್ರ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್, ಕಾಡಿನ ಅಂಕಿಅಂಶ ಇವುಗಳ ಕಡೆ ವಾಲಲಿ. ದೊಡ್ಡ ಕಂಪನಿಗಳಿಗೂ ಯೂನಿವರ್ಸಿಟಿಗಳಿಗೂ ಅವು ಬೇಕು. ಯೂನಿವರ್ಸಿಟಿಯ ಕೆಲಸಕ್ಕೆ ಎಚ್-1ಬಿ ಲಾಟರಿಯ ಮಿತಿಯೇ ಇಲ್ಲ.

ಸಿದ್ದಾಪುರದಿಂದ:
ನಾನು ಒಪ್ಪುವುದಿಲ್ಲ. ಮಗಳು ವಾಪಸ್ ಬಂದು ತೋಟ ನೋಡಿಕೊಳ್ಳುವುದಾದರೆ ಕಾಫಿ ಮಾರುವುದು ಕಲಿಯುವುದೇ ಉಪಯೋಗ. ಮೂರು ವರ್ಷದ ಆಸೆಗೆ ಬೇಡದ್ದು ಓದಿಸಿ ಏನು ಮಾಡುವುದು? ನಮ್ಮ ತಂಗಿ ಹಾಗೆ ಓದಿ ಈಗ ಆ ಕೆಲಸವನ್ನೇ ಮಾಡುತ್ತಿಲ್ಲ.

ವಿರಾಜಪೇಟೆಯಿಂದ:
ವಾಪಸ್ ಬರುವುದು ಖಂಡಿತ ಅಂದರೆ ನೀವು ಹೇಳುವುದು ಸರಿ. ಸಾಲ ಅಮೆರಿಕದ ಸಂಬಳದಿಂದ ತೀರಬೇಕು ಅಂದರೆ ನಾನು ಹೇಳಿದ್ದು ಸರಿ. ಅದನ್ನು ಮನೆಯಲ್ಲೇ ತೀರ್ಮಾನಿಸಬೇಕು.

ಕೇಳಿದವರು, ಗೋಣಿಕೊಪ್ಪದಿಂದ:
ಮಗಳು ನಿನ್ನೆ ರಾತ್ರಿಯೇ ಇಮೇಲ್ ಮಾಡಿದಳು. ಅಗ್ರಿಬಿಸಿನೆಸ್‌ನವರು ಬೆಳಗ್ಗೆ ಉತ್ತರ ಕೊಟ್ಟರು: 01.0102. ಏಜೆಂಟ್‌ಗೆ ಅದನ್ನೇ ತೋರಿಸಿದೆ, "ಆಮೇಲೆ ಬದಲಾಯಿಸಬಹುದು" ಅಂದರು. ಫಾರೆಸ್ಟ್ ಸೈನ್ಸಸ್‌ನವರ ಉತ್ತರ ಇನ್ನೂ ಬಂದಿಲ್ಲ. ಸೇರಿದ ಮೇಲೆ ವಿಭಾಗ ಬದಲಾಯಿಸಿದರೆ ಹೊಸ ಕೋಡ್ ಸಿಗುತ್ತಾ? ಹಾಗೆ ಮಾಡಿದವರು ಯಾರಾದರೂ ಇದ್ದೀರಾ?