ವಿವರಣೆಯಲ್ಲಿ ಅತಿಥಿಯ ಹ್ಯಾಂಡಲ್ ಲಿಂಕ್ ಆಗುತ್ತಿಲ್ಲ

ಕೊಳಲುದನಿ: ತಬಲಾ ವಾದಕರೊಬ್ಬರ ಜೊತೆ ಸೇರಿ ಮಾಡಿದ ವಿಡಿಯೋವನ್ನು ಯೂಟ್ಯೂಬ್‌ಗೆ ಹಾಕಿದ್ದೇನೆ. ವಿವರಣೆಯಲ್ಲಿ ಅವರ ಹ್ಯಾಂಡಲ್ ಬರೆದಿದ್ದರೂ ಅದು ನೀಲಿಯಾಗದೆ ಸಾಮಾನ್ಯ ಅಕ್ಷರವಾಗಿಯೇ ಉಳಿದಿದೆ, ಒತ್ತಿದರೆ ಅವರ ಚಾನೆಲ್ ತೆರೆಯುವುದಿಲ್ಲ. ಅವರ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆ ತಪ್ಪಬಾರದೆಂಬುದು ನನ್ನ ಕಳಕಳಿ. ಸಾಲು ಹೀಗಿದೆ:

```
ತಬಲಾ ನುಡಿಸಿದವರು @atithi_tablaರವರು
```

ಹೊಸಚಿತ್ರ: ಹ್ಯಾಂಡಲನ್ನು ಪೂರ್ತಿ ಕೈಯಿಂದ ಬರೆಯಬೇಡಿ. `@` ಒತ್ತಿ ನಾಲ್ಕಾರು ಅಕ್ಷರ ಬರೆದಾಗ ಕಾಣುವ ಪಟ್ಟಿಯಿಂದ ಅವರ ಚಾನೆಲನ್ನು ಆರಿಸಿಕೊಂಡರೆ ಎಲ್ಲವೂ ಸರಿಯಾಗುತ್ತದೆ.

ಸಂಕಲನಮೇಜು: ಪಟ್ಟಿಯಿಂದ ಆರಿಸಿದರೆ ಕಾಗುಣಿತದ ತಪ್ಪು ತಪ್ಪುತ್ತದೆ, ನಿಜ. ಆದರೆ ಇಲ್ಲಿ ತೊಡಕಾಗಿರುವುದು ಹ್ಯಾಂಡಲ್‌ಗೆ ಅಂಟಿಕೊಂಡಿರುವ ‘ರವರು’. ಹ್ಯಾಂಡಲ್ ಎಲ್ಲಿ ಮುಗಿಯಿತೆಂದು ತಿಳಿಯಲು ಅದರ ನಂತರ ಖಾಲಿ ಜಾಗವಿರಬೇಕು. ಕನ್ನಡದಲ್ಲಿ ಪ್ರತ್ಯಯವನ್ನು ಬಿಡಿಸಿ ಬರೆಯುವುದು ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ, ಗೌರವವನ್ನು ಹೆಸರಿನ ಜೊತೆಗಿಟ್ಟು ಹ್ಯಾಂಡಲನ್ನು ಸಾಲಿನ ಕೊನೆಗೆ ಒಂಟಿಯಾಗಿ ಬಿಡುವುದು ಒಳ್ಳೆಯದು:

```
ತಬಲಾ: ಶ್ರೀ (ಹೆಸರು) ಅವರು @atithi_tabla
```

ಈ ಸಾಲು ವಿವರಣೆಯ ಮೊದಲೆರಡು ಸಾಲುಗಳಲ್ಲೇ ಇರಲಿ, ಏಕೆಂದರೆ ಉಳಿದದ್ದು ಮಡಚಿಕೊಂಡು, ನೋಡುಗರು ತಾವಾಗಿ ತೆರೆದರಷ್ಟೇ ಕಾಣುತ್ತದೆ. ಸಂಕಲನ, ಧ್ವನಿಮುದ್ರಣ ಮಾಡಿದವರ ಹೆಸರುಗಳು ಕೆಳಗೆ ಬಂದರೆ ಸಾಕು. ಚಾನೆಲ್ ಇಲ್ಲದವರಿಗೆ ಹೆಸರು ಮತ್ತು ಮಾಡಿದ ಕೆಲಸ ಎರಡನ್ನೂ ಬರೆಯಿರಿ.

ಇನ್ನೊಂದು ಅಪಾಯವಿದೆ. ಅತಿಥಿಯು ಮುಂದೆ ಹ್ಯಾಂಡಲ್ ಬದಲಿಸಿದರೆ ಹಳೆಯದನ್ನು ಯೂಟ್ಯೂಬ್ 14 ದಿನ ಮಾತ್ರ ಅವರಿಗಾಗಿ ಕಾದಿರಿಸುತ್ತದೆ, ಆಮೇಲೆ ಅದನ್ನು ಬೇರೆಯವರು ಪಡೆಯಬಹುದು. ಆಗ ನಿಮ್ಮ ವಿವರಣೆಯಲ್ಲಿ ಉಳಿದ ಹಳೆಯ ಹ್ಯಾಂಡಲ್ ಅಪರಿಚಿತರದ್ದಾಗಿಬಿಡಬಹುದು. ಆದ್ದರಿಂದ ಕೆಳಗೆ ಅವರ ಚಾನೆಲ್ ಐಡಿಯ ಲಿಂಕನ್ನೂ ಹಾಕಿ. `youtube.com/channel/` ಎಂಬುದರ ನಂತರ `UC` ಎಂದು ಆರಂಭವಾಗುವ ಆ ವಿಳಾಸ ಹ್ಯಾಂಡಲ್ ಬದಲಾದರೂ ಬದಲಾಗದು.

ದೀಪದಬೆಳಕು: ನನ್ನದೂ ಇದೇ ತೊಂದರೆ. ಇನ್‌ಸ್ಟಾಗ್ರಾಮ್‌ನಲ್ಲಿ ಗೆಳತಿಯನ್ನು ಶೀರ್ಷಿಕೆಯಲ್ಲಿ ಹೆಸರಿಸಿದೆ, ಲಿಂಕ್ ಕೂಡ ತೆರೆಯುತ್ತದೆ. ಆದರೂ ರೀಲ್ ಅವಳ ಪ್ರೊಫೈಲ್‌ನಲ್ಲಿ ಕಾಣುತ್ತಿಲ್ಲ.

ಸಂಕಲನಮೇಜು: ಅದು ಬೇರೆ ವಿಷಯ. ಶೀರ್ಷಿಕೆಯಲ್ಲಿ ಹೆಸರಿಸಿದ ಮಾತ್ರಕ್ಕೆ ರೀಲ್ ಅವರ ಪ್ರೊಫೈಲ್‌ಗೆ ಸೇರುವುದಿಲ್ಲ. ಅವರನ್ನು ಸಹಯೋಗಿಯಾಗಿ ಆಹ್ವಾನಿಸಬೇಕು, ಅವರು ಅದನ್ನು ಒಪ್ಪಬೇಕು.

ಕೊಳಲುದನಿ: ‘ರವರು’ ತೆಗೆದು ಉಳಿಸಿದೊಡನೆ ಹ್ಯಾಂಡಲ್ ನೀಲಿಯಾಯಿತು, ಚಾನೆಲ್ ತೆರೆಯುತ್ತಿದೆ. ಐಡಿಯ ಲಿಂಕನ್ನೂ ಸೇರಿಸಿದ್ದೇನೆ. ಆದರೆ ಅತಿಥಿಗೆ ಇನ್ನೂ ಸೂಚನೆ ತಲುಪಿಲ್ಲವಂತೆ.

ಹೊಸಚಿತ್ರ: ಪ್ರಕಟಿಸಿದ ನಂತರ ತಿದ್ದಿದ್ದರಿಂದ ಹಾಗಾಗಿರಬೇಕು.

ಸಂಕಲನಮೇಜು: ಇರಬಹುದು, ಅವರ ಸೂಚನೆಗಳ ಸೆಟ್ಟಿಂಗ್‌ನಲ್ಲಿ ಉಲ್ಲೇಖಗಳ ಆಯ್ಕೆ ಮುಚ್ಚಿರಲೂಬಹುದು. ಮೊದಲು ಅದನ್ನು ನೋಡಲು ಅವರಿಗೆ ಹೇಳಿ, ವಿಡಿಯೋದ ಲಿಂಕನ್ನು ನೀವೇ ಕಳುಹಿಸಿ.